ಸೊನ್ನೆಯೂ ಒಂದೂ ಇಲ್ಲದ ಕೀಲಿ

ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ನ ಹಲವು ಕಂಪನಿಗಳಲ್ಲಿ ಗೇಟಿನಲ್ಲೇ ಫೋನಿನ ಕ್ಯಾಮೆರಾಗೆ ಸ್ಟಿಕ್ಕರ್ ಅಂಟಿಸುತ್ತಾರೆ. ಒಳಗೆ ಹೋದವರು ಲಾಗಿನ್‌ಗಾಗಿ ಅಥೆಂಟಿಕೇಟರ್ ಆ್ಯಪ್ ಹೊಂದಿಸಬೇಕೆಂದರೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವಂತಿಲ್ಲ. ಅದರ ಕೆಳಗಿನ ಉದ್ದನೆಯ ಅಕ್ಷರಸಾಲನ್ನು ನೋಡಿಕೊಂಡು ಟೈಪ್ ಮಾಡಬೇಕು. ಆ ಸಾಲಿನಲ್ಲಿ 0, 1, 8, 9 ಎಲ್ಲೂ ಸಿಗುವುದಿಲ್ಲ.

ಆ ಸಾಲು ಸರ್ವರ್‌ಗೂ ನಿಮ್ಮ ಫೋನಿಗೂ ಮಾತ್ರ ಗೊತ್ತಿರಬೇಕಾದ ರಹಸ್ಯ. ಅದಕ್ಕೆ ಆ ಹೊತ್ತಿನ ಸಮಯ ಸೇರಿಸಿ ಲೆಕ್ಕ ಹಾಕಿದಾಗಲೇ 30 ಸೆಕೆಂಡಿಗೊಮ್ಮೆ ಬದಲಾಗುವ ಆರು ಅಂಕಿ ಹುಟ್ಟುತ್ತದೆ. ರಹಸ್ಯದ ಉದ್ದ ಸಾಮಾನ್ಯವಾಗಿ 20 ಬೈಟ್, ಅಂದರೆ 160 ಬಿಟ್. ಬೈಟ್‌ಗಳನ್ನು ಇದ್ದ ಹಾಗೇ ಟೈಪ್ ಮಾಡಲು ಬರುವುದಿಲ್ಲ, ಎಷ್ಟೋ ಬೈಟ್‌ಗಳಿಗೆ ಕೀಬೋರ್ಡಿನಲ್ಲಿ ಗುಂಡಿಯೇ ಇಲ್ಲ. ಅದಕ್ಕೇ ಬಿಟ್‌ಗಳನ್ನು ಐದೈದಾಗಿ ಕತ್ತರಿಸಿ, ಪ್ರತಿ ತುಂಡಿಗೂ ಒಂದು ಅಕ್ಷರ ಕೊಡುತ್ತಾರೆ. ಐದು ಬಿಟ್‌ಗಳಿಂದ 32 ಸಂಖ್ಯೆಗಳು ಸಾಧ್ಯ, ಹಾಗಾಗಿ 32 ಚಿಹ್ನೆಗಳು ಸಾಕು.

HOSUR ಎಂಬ ಐದು ಬೈಟ್ ತೆಗೆದುಕೊಳ್ಳೋಣ. (ನಿಜವಾದ ರಹಸ್ಯ ಹೀಗೆ ಪದವಾಗಿರಬಾರದು, ಯಾದೃಚ್ಛಿಕವಾಗಿರಬೇಕು.)

```
01001 00001 00111 10101 00110 10101 01010 10010
  9     1     7    21     6    21    10    18
  J     B     H     V     G     V     K     S
```

ಸೊನ್ನೆಗೆ A, 25ಕ್ಕೆ Z, ಆಮೇಲೆ 26ರಿಂದ 31ರವರೆಗೆ 2ರಿಂದ 7. ಐದು ಬೈಟ್ ಸರಿಯಾಗಿ ಎಂಟು ಅಕ್ಷರವಾಗುವುದರಿಂದ 20 ಬೈಟ್ ಏನೂ ಉಳಿಯದೆ 32 ಅಕ್ಷರವಾಗುತ್ತದೆ. ಬೇಸ್ 64 ಬಳಸಿದ್ದರೆ 27 ಅಕ್ಷರಗಳಲ್ಲೇ ಮುಗಿಯುತ್ತಿತ್ತು. ಆದರೆ ಅಲ್ಲಿ a ಬೇರೆ, A ಬೇರೆ. ಫೋನಿನಲ್ಲಿ ಟೈಪ್ ಮಾಡುವವರಿಗೆ ಅದು ಶಿಕ್ಷೆ. ಐದು ಅಕ್ಷರ ಹೆಚ್ಚಾದರೂ ದೊಡ್ಡಕ್ಷರ ಸಣ್ಣಕ್ಷರದ ಗೊಡವೆ ತಪ್ಪಿತಲ್ಲ, ನನ್ನ ಪ್ರಕಾರ ಅದು ಲಾಭದ ವ್ಯವಹಾರ.

ಅಕ್ಷರ 26, ಅಂಕಿ 10, ಒಟ್ಟು 36. ಅದರಲ್ಲಿ ನಾಲ್ಕನ್ನು ಬಿಡಬೇಕು. 2006ರ RFC 4648 ಎಂಬ ಮಾನಕ, O ಜೊತೆ ಕಲೆಸಿಹೋಗುವ 0 ಮತ್ತು I, l ಜೊತೆ ಕಲೆಸಿಹೋಗುವ 1 ಈ ಪಟ್ಟಿಯಲ್ಲಿಲ್ಲ ಎಂದು ಬಿಡಿಸಿ ಹೇಳುತ್ತದೆ. ಇನ್ನು 8 ನೋಡಲು B ಥರ. ಕೆಲವು ಪ್ರೋಗ್ರಾಂಗಳು ಈ ಗೊಂದಲವನ್ನು ತಾವೇ ತಿದ್ದುತ್ತವೆ: ಗೂಗಲ್ ಅಥೆಂಟಿಕೇಟರ್‌ನ ಲಿನಕ್ಸ್ ಮಾಡ್ಯೂಲ್ 0 ಕಂಡರೆ O ಎಂದೂ, 1 ಕಂಡರೆ L ಎಂದೂ, 8 ಕಂಡರೆ B ಎಂದೂ ಓದಿಕೊಳ್ಳುತ್ತದೆ.

ಆದರೂ 5 ಮತ್ತು S, 2 ಮತ್ತು Z ಎರಡೂ ಪಟ್ಟಿಯಲ್ಲಿ ಉಳಿದಿವೆ. 5ರ ಜಾಗದಲ್ಲಿ S ಒತ್ತಿದರೆ ಆ್ಯಪ್ ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತದೆ, ಏಕೆಂದರೆ ಈ ಸಾಲಿನಲ್ಲಿ ತಪ್ಪು ಹಿಡಿಯುವ ತಾಳೆ ಅಂಕಿ ಇಲ್ಲ. ಆರು ಅಂಕಿಯೂ ಬರುತ್ತದೆ, ಸರ್ವರ್ ಮಾತ್ರ ಒಪ್ಪುವುದಿಲ್ಲ. ಹೊಂದಿಸುವಾಗಲೇ ಒಂದು ಕೋಡ್ ಹಾಕಿ ತೋರಿಸಿ ಎಂದು ಕೇಳುವುದು ಇದಕ್ಕೇ. ಫೋನಿನ ಗಡಿಯಾರ ತಪ್ಪಿದ್ದರೂ ಹೀಗೇ ಆಗಬಹುದು. ಅದೇ ಆ್ಯಪ್‌ನ ಉಳಿದ ಖಾತೆಗಳು ಕೆಲಸ ಮಾಡುತ್ತಿದ್ದರೆ ಗಡಿಯಾರ ಸರಿಯಿದೆ. ಟೈಪ್ ಮಾಡಿದ ಸಾಲನ್ನು ಅಳಿಸಿ, ಈ ಸಲ ನಾಲ್ಕು ನಾಲ್ಕು ಅಕ್ಷರ ತಾಳೆ ನೋಡುತ್ತಾ ಮತ್ತೆ ಬರೆಯಬೇಕು.