ಹುದ್ದೆ ಯಾಕೆ ಖಾಲಿಯಾಯಿತು?

ದೊಡ್ಡ ಹುದ್ದೆಗಳು ಪತ್ರಿಕೆಯ ಜಾಹೀರಾತು ನೋಡಿ ತುಂಬುವುದು ಅಪರೂಪ. ಸಿಇಒ, ಹಣಕಾಸು ಮುಖ್ಯಸ್ಥ, ಕಾರ್ಖಾನೆಗಳ ಹೊಣೆ ಹೊತ್ತ ಸಿಒಒ ಮುಂತಾದವರನ್ನು ಹುಡುಕಿಕೊಡುವುದನ್ನೇ ಕಸುಬಾಗಿಸಿಕೊಂಡ ಸಂಸ್ಥೆಗಳಿವೆ. ಕಾರ್ನ್ ಫೆರಿ, ಎಗಾನ್ ಝೆಂಡರ್, ಸ್ಪೆನ್ಸರ್ ಸ್ಟುವರ್ಟ್ ಇವುಗಳಲ್ಲಿ ದೊಡ್ಡ ಹೆಸರುಗಳು. ಕೆಲಸ ಹುಡುಕುತ್ತಿರುವವರಿಗಿಂತ ಹೆಚ್ಚಾಗಿ, ಇರುವ ಕಡೆ ನೆಮ್ಮದಿಯಾಗಿ ಕೆಲಸ ಮಾಡಿಕೊಂಡಿರುವವರಿಗೆ ಇವರ ಫೋನ್ ಬರುತ್ತದೆ. ಹಾಗೆ ಕರೆ ಬಂದಾಗ ಎಂಥ ಅನುಭವಿಯೂ ಒಂದು ಕ್ಷಣ ಉಬ್ಬಿಹೋಗುವುದುಂಟು. ಆ ಉಬ್ಬಿನಲ್ಲೇ ರೆಸ್ಯುಮೆ ಕಳಿಸಿಬಿಡುವವರೂ ಇದ್ದಾರೆ.

ಒಂದು ಸನ್ನಿವೇಶ ಊಹಿಸಿಕೊಳ್ಳೋಣ. ಬೆಂಗಳೂರಿನ ಪೀಣ್ಯದಲ್ಲಿ ವಾಹನ ಬಿಡಿಭಾಗ ತಯಾರಿಸುವ ಒಂದು ಕಂಪನಿ. ಅಲ್ಲಿನ ಮೂರು ಘಟಕಗಳ ಹೊಣೆ ಹೊತ್ತ ಮಹಿಳೆಗೆ ಒಂದು ಸಂಜೆ ಸಂದೇಶ ಬರುತ್ತದೆ: ‘ಮೇಡಂ, ನಿಮ್ಮ ಕ್ಷೇತ್ರದ್ದೇ ಒಂದು ಲಿಸ್ಟೆಡ್ ಕಂಪನಿಗೆ ಸಿಒಒ ಬೇಕಾಗಿದ್ದಾರೆ. ಎರಡು ನಿಮಿಷ ಮಾತಾಡಬಹುದಾ?’

ಆಕೆ ಕಚೇರಿಯ ಲ್ಯಾಪ್‌ಟಾಪ್ ಮುಟ್ಟುವುದಿಲ್ಲ. ಮನೆಗೆ ಹೋಗಿ ತಮ್ಮ ಸ್ವಂತ ಇಮೇಲ್‌ನಿಂದ ಬರೆಯುತ್ತಾರೆ: ‘ನಾನೀಗ ಬೇರೆ ಕೆಲಸ ಹುಡುಕುತ್ತಿಲ್ಲ. ಆದರೆ ನಿಮ್ಮ ಮಾತು ಕೇಳಲು ಅಭ್ಯಂತರವಿಲ್ಲ. ನನ್ನ ಒಪ್ಪಿಗೆ ಇಲ್ಲದೆ ನನ್ನ ಹೆಸರಾಗಲಿ ವಿವರವಾಗಲಿ ಯಾರಿಗೂ ಹೋಗಬಾರದು. ನನ್ನ ಬಗ್ಗೆ ಯಾರನ್ನೂ ವಿಚಾರಿಸಲೂಬಾರದು. ಇದಕ್ಕೆ ಒಪ್ಪುವುದಾದರೆ ಶನಿವಾರ ಬೆಳಿಗ್ಗೆ ಫೋನ್ ಮಾಡಿ.’

ಇಷ್ಟೇ. ರೆಸ್ಯುಮೆ ಇಲ್ಲ, ಸಂಬಳದ ಮಾತಿಲ್ಲ, ಈಗಿನ ಕಂಪನಿಯ ಬಗ್ಗೆ ಗೊಣಗಾಟವಂತೂ ಇಲ್ಲವೇ ಇಲ್ಲ. ಯಾರನ್ನೂ ವಿಚಾರಿಸಬಾರದು ಎಂಬ ಸಾಲು ಎಲ್ಲಕ್ಕಿಂತ ಮುಖ್ಯ. ಬಿಡಿಭಾಗಗಳ ಉದ್ಯಮದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ‘ಆಕೆ ಹೇಗೆ?’ ಎಂದು ಯಾರೋ ಹಳೆಯ ಸಹೋದ್ಯೋಗಿಯನ್ನು ಕೇಳಿದರೆ ಸಾಕು, ವಾರದೊಳಗೆ ಅದು ಆಕೆಯ ಎಂಡಿಯ ಕಿವಿ ಮುಟ್ಟಿರುತ್ತದೆ.

ಶನಿವಾರ ಫೋನ್ ಬರುತ್ತದೆ. ಕಂಪನಿಯ ಹೆಸರನ್ನು ಆ ಕನ್ಸಲ್ಟೆಂಟ್ ಹೇಳುವುದಿಲ್ಲ. ಅದು ತಪ್ಪಲ್ಲ, ಅವರೂ ಗುಟ್ಟು ಕಾಯುತ್ತೇವೆಂದು ಮಾತು ಕೊಟ್ಟಿರುತ್ತಾರೆ. ಆಕೆಯ ಮೊದಲ ಪ್ರಶ್ನೆಯೂ ಹೆಸರಿನದಲ್ಲ: ‘ಈ ಹುಡುಕಾಟವನ್ನು ನಿಮಗೊಬ್ಬರಿಗೇ ಒಪ್ಪಿಸಿದ್ದಾರಾ?’

ಈ ವ್ಯವಹಾರದಲ್ಲಿ ಎರಡು ಬಗೆ. ಒಂದರಲ್ಲಿ ಕಂಪನಿ ಒಂದೇ ಸಂಸ್ಥೆಗೆ ಕೆಲಸ ಒಪ್ಪಿಸುತ್ತದೆ. ಶುಲ್ಕ ಸಾಮಾನ್ಯವಾಗಿ ಆ ಹುದ್ದೆಯ ಮೊದಲ ವರ್ಷದ ಸಂಬಳದ ಮೂರನೇ ಒಂದು ಭಾಗದಷ್ಟು. ಅದನ್ನು ಕಂತುಗಳಲ್ಲಿ ಕೊಡುತ್ತಾರೆ, ಮೊದಲ ಕಂತು ಹುಡುಕಾಟ ಶುರುವಾಗುವಾಗಲೇ. ಇದಕ್ಕೆ ರಿಟೇನ್ಡ್ ಸರ್ಚ್ ಎನ್ನುತ್ತಾರೆ. ಇನ್ನೊಂದರಲ್ಲಿ ಆಯ್ಕೆಯಾದರೆ ಮಾತ್ರ ದುಡ್ಡು. ಹಾಗಾಗಿ ಮೂರ್ನಾಲ್ಕು ಏಜೆನ್ಸಿಗಳು ಒಂದೇ ಹುದ್ದೆಗೆ ಪೈಪೋಟಿ ನಡೆಸುತ್ತವೆ, ಯಾರ ರೆಸ್ಯುಮೆ ಮೊದಲು ತಲುಪುತ್ತದೋ ಅವರದೇ ಗೆಲುವು. ‘ಮೊದಲು ನಿಮ್ಮ ಪ್ರೊಫೈಲ್ ಕಳಿಸಿ ಮೇಡಂ, ಆಮೇಲೆ ಮಾತಾಡೋಣ’ ಎಂಬ ಅವಸರ ಹೆಚ್ಚಾಗಿ ಈ ಎರಡನೆಯ ಬಗೆಯದು. ನಮ್ಮ ಹೆಸರು ಮಾರುಕಟ್ಟೆಯಲ್ಲಿ ಸುತ್ತಾಡಲು ಶುರುವಾಗುವುದೂ ಅಲ್ಲಿಂದಲೇ.

‘ನಮಗೇ ಒಪ್ಪಿಸಿದ್ದಾರೆ’ ಎನ್ನುತ್ತಾರೆ ಕನ್ಸಲ್ಟೆಂಟ್. ಮುಂದಿನ ಪ್ರಶ್ನೆ: ‘ಒಪ್ಪಿಸಿದ್ದು ಯಾರು?’ ಎಚ್‌ಆರ್ ವಿಭಾಗವೋ, ಸಿಇಒ ಅವರೋ, ಅಧ್ಯಕ್ಷರೋ? ಸಿಒಒ ವರದಿ ಮಾಡಬೇಕಾದ್ದು ಸಿಇಒಗೆ, ಆದರೆ ಹುಡುಕಲು ಹೇಳಿದ್ದು ಅಧ್ಯಕ್ಷರು ಎಂದಾದರೆ, ಬರಲಿರುವವರ ಬಗ್ಗೆ ಸಿಇಒಗೆ ಮನಸ್ಸಿದೆಯೇ ಎಂದು ಕೇಳಲೇಬೇಕು. ಇಲ್ಲಿ ಸಿಕ್ಕ ಉತ್ತರವೂ ಅದೇ: ಅಧ್ಯಕ್ಷರು. ಕುಟುಂಬದ ಕಂಪನಿ. ಹಿಂದಿನ ಸಿಒಒ ‘ವೈಯಕ್ತಿಕ ಕಾರಣಗಳಿಂದ’ ಬಿಟ್ಟಿದ್ದಾರೆ.

ವೈಯಕ್ತಿಕ ಕಾರಣ ಎನ್ನುವುದು ಉದ್ಯಮಲೋಕದಲ್ಲಿ ಎಲ್ಲ ಅಳತೆಗೂ ಹೊಂದುವ ಅಂಗಿ. ಅದನ್ನು ಕೆದಕಲು ಹೋಗದೆ ಆಕೆ ಬೇರೆ ದಾರಿಯಿಂದ ಬರುತ್ತಾರೆ: ‘ಅವರು ಎಷ್ಟು ದಿನ ಇದ್ದರು? ಅವರಿಗಿಂತ ಮುಂಚೆ ಇದ್ದವರು?’ ಹದಿನಾಲ್ಕು ತಿಂಗಳು, ಅದಕ್ಕೂ ಮುಂಚೆ ಇದ್ದವರು ಹನ್ನೊಂದು. ಒಬ್ಬರು ಬೇಗ ಬಿಟ್ಟರೆ ಅವರದೇ ತಪ್ಪಿರಬಹುದು. ಸಾಲಾಗಿ ಇಬ್ಬರು ಬಿಟ್ಟರೆ ಕುರ್ಚಿಯನ್ನೇ ನೋಡಬೇಕಾಗುತ್ತದೆ.

ನಾನು ಮೆಚ್ಚುವ ಪ್ರಶ್ನೆ ಇದರ ನಂತರದ್ದು. ‘ಐವತ್ತು ಲಕ್ಷದ ಯಂತ್ರ ಕೊಳ್ಳಬೇಕಾದರೆ ಅಲ್ಲಿ ಯಾರ ಸಹಿ ಬೇಕು?’ ಹುದ್ದೆಯ ವಿವರಣೆಯಲ್ಲಿ ‘ಪೂರ್ಣ ಸ್ವಾತಂತ್ರ್ಯ’ ಎಂದು ಬರೆಯುವುದು ಸುಲಭ. ಆದರೆ ಎಷ್ಟು ಮೊತ್ತದವರೆಗೆ ಯಾರು ಮಂಜೂರು ಮಾಡಬಹುದು ಎಂಬ ಅಧಿಕಾರದ ಪಟ್ಟಿ ಕಂಪನಿಗಳಲ್ಲಿ ಬೇರೆಯೇ ಇರುತ್ತದೆ. ಘಟಕದ ಮ್ಯಾನೇಜರನ್ನು ನೇಮಿಸಲು, ತೆಗೆಯಲು ಯಾರ ಒಪ್ಪಿಗೆ ಬೇಕು, ಸರಬರಾಜುದಾರನನ್ನು ಬದಲಾಯಿಸಿದರೆ ಅದು ಯಾರ ಬಾವಮೈದುನನಿಗೆ ತಾಗುತ್ತದೆ ಎಂಬುದೆಲ್ಲ ಈ ಒಂದು ಪ್ರಶ್ನೆಯ ಬೆನ್ನಿಗೇ ಬರುವ ಸಂಗತಿಗಳು. ಕನ್ಸಲ್ಟೆಂಟ್‌ಗೆ ತಕ್ಷಣ ಉತ್ತರ ಗೊತ್ತಿರಬೇಕೆಂದೇನಿಲ್ಲ. ‘ವಿಚಾರಿಸಿ ಹೇಳ್ತೀನಿ ಮೇಡಂ’ ಎಂದರೆ ಅದು ಒಳ್ಳೆಯ ಸೂಚನೆ. ‘ಅದೆಲ್ಲ ಆಮೇಲೆ ನೋಡ್ಕೋಬಹುದು’ ಎಂದರೆ ಅಲ್ಲ.

ಗುಟ್ಟಿನ ಮಾತಿಗೆ ಇನ್ನೊಂದು ಮಗ್ಗುಲಿದೆ, ಅನೇಕರು ಅದನ್ನು ಗಮನಿಸುವುದಿಲ್ಲ. ಲಿಸ್ಟೆಡ್ ಕಂಪನಿಯ ಈಗಿನ ಸಿಇಒಗೇ ತಿಳಿಯದಂತೆ ಅವರ ಜಾಗಕ್ಕೆ ಬೇರೆಯವರನ್ನು ಹುಡುಕುವುದೂ ಉಂಟು. ಕಂಪನಿಯ ಹೆಸರನ್ನು ಹೇಳಿ ಅಂಥ ಸಂಗತಿಯನ್ನು ಕನ್ಸಲ್ಟೆಂಟ್ ಕಿವಿಗೆ ಹಾಕಿದರೆ, ಕೇಳಿಸಿಕೊಂಡವರ ಮೇಲೆಯೂ ಹೊಣೆ ಬೀಳುತ್ತದೆ. ಸೆಬಿಯ 2015ರ ಇನ್‌ಸೈಡರ್ ಟ್ರೇಡಿಂಗ್ ನಿಯಮಗಳು ಪ್ರಮುಖ ಅಧಿಕಾರಿಗಳ ಬದಲಾವಣೆಯನ್ನು ಷೇರಿನ ಬೆಲೆ ಅಲುಗಿಸಬಲ್ಲ ಮಾಹಿತಿಯ ಸಾಲಿಗೆ ಸೇರಿಸಿವೆ. ಅದು ಸಾರ್ವಜನಿಕವಾಗುವ ಮುಂಚೆ ಆ ಕಂಪನಿಯ ಷೇರು ಕೊಳ್ಳುವುದು, ಮಾರುವುದು, ಅಷ್ಟೇಕೆ, ಭಾವನಿಗೆ ಸುಳಿವು ಕೊಡುವುದೂ ತಪ್ಪು. ಹಾಗಾಗಿ ಅನುಭವಿಗಳು ಹೆಸರು ಕೇಳುವ ಮುಂಚೆಯೇ ‘ಇದು ಗುಟ್ಟಾಗಿ ನಡೆದಿರುವ ಬದಲಾವಣೆಯೇ?’ ಎಂದು ಕೇಳುತ್ತಾರೆ. ಹೌದಾದರೆ, ತಮಗೆ ಆಸಕ್ತಿ ಇದೆಯೋ ಇಲ್ಲವೋ ತಿಳಿಯುವವರೆಗೆ ಹೆಸರು ಬೇಡ ಎನ್ನುತ್ತಾರೆ.

ಮಾತು ಮುಗಿಯುವ ಹೊತ್ತಿಗೆ ಕನ್ಸಲ್ಟೆಂಟ್ ಮೆಲ್ಲಗೆ ಕೇಳುತ್ತಾರೆ: ‘ನಿಮಗೆ ಬೇಡವೆನಿಸಿದರೆ ಬೇರೆ ಯಾರಾದರೂ ಗೊತ್ತಾ ಮೇಡಂ?’ ಕೆಲವು ಕರೆಗಳು ಬರುವುದೇ ಇದಕ್ಕೆ, ನಮ್ಮನ್ನು ಸೆಳೆಯಲು ಅಲ್ಲ, ನಮ್ಮಿಂದ ಹೆಸರು ಪಡೆಯಲು. ಕೊಡುವುದರಲ್ಲಿ ತಪ್ಪಿಲ್ಲ, ಆದರೆ ಆ ವ್ಯಕ್ತಿಯನ್ನು ಕೇಳಿಯೇ ಕೊಡಬೇಕು. ಹಾಗೆಯೇ ತಿರುಗಿ ಒಂದು ಪ್ರಶ್ನೆ ಹಾಕಬಹುದು: ‘ನಮ್ಮ ಕಂಪನಿ ನಿಮ್ಮ ಗ್ರಾಹಕರಾ?’ ಕೆಲಸ ಒಪ್ಪಿಸಿದ ಕಂಪನಿಯಿಂದ ಒಂದು ಅವಧಿಯವರೆಗೆ ಜನರನ್ನು ಸೆಳೆಯುವುದಿಲ್ಲ ಎಂಬ ಕರಾರು ಈ ಸಂಸ್ಥೆಗಳಲ್ಲಿ ರೂಢಿ. ಆ ಕರಾರು ಮುರಿದು ಫೋನ್ ಮಾಡಿದವರು ನಮ್ಮ ಗುಟ್ಟನ್ನೂ ಕಾಯುತ್ತಾರೆಂದು ನಂಬುವುದು ಕಷ್ಟ.

ಮೂರು ದಿನ ಬಿಟ್ಟು ಉತ್ತರ ಬರುತ್ತದೆ. ಹತ್ತು ಲಕ್ಷ ದಾಟಿದ ಪ್ರತಿ ಖರೀದಿಗೂ ಅಧ್ಯಕ್ಷರ ಮಗನ ಸಹಿ ಬೇಕು. ಹಿಂದಿನ ಸಿಒಒ ಜೊತೆ ಮಾತಾಡಬಹುದೇ ಎಂದು ಆಕೆ ಕೇಳಿದ್ದರು, ಕಂಪನಿ ಅದಕ್ಕೆ ಒಪ್ಪಿಲ್ಲ. ಅದೇ ರಾತ್ರಿ ಆಕೆ ಬರೆಯುತ್ತಾರೆ: ‘ವಿಚಾರಿಸಿ ನೇರವಾಗಿ ತಿಳಿಸಿದ್ದಕ್ಕೆ ಧನ್ಯವಾದ. ಈಗಿನ ಸ್ವರೂಪದಲ್ಲಿ ಈ ಹುದ್ದೆ ನನಗೆ ಹೊಂದುವುದಿಲ್ಲ. ಖರೀದಿ ಮತ್ತು ನೇಮಕದ ಅಧಿಕಾರ ಸಿಒಒಗೆ ಬರುವುದಾದರೆ ಮತ್ತೆ ಫೋನ್ ಮಾಡಿ.’