ಕೇಕಿನ ಹಿಂದಿದ್ದ ಬಿಳಿ ಬೋರ್ಡು

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿ ಎಂದುಕೊಳ್ಳಿ. ಆರು ತಿಂಗಳ ಕೆಲಸ ಮುಗಿದ ಖುಷಿಗೆ ತಂಡದವರು ಕೇಕ್ ಕತ್ತರಿಸುತ್ತಾರೆ. ಒಬ್ಬ ಹುಡುಗಿ ಫೋಟೊ ತೆಗೆದು, ‘ಕೊನೆಗೂ ಮುಗೀತು!’ ಎಂದು ಬರೆದು ಇನ್‌ಸ್ಟಾಗ್ರಾಂಗೆ ಹಾಕುತ್ತಾಳೆ. ಎಲ್ಲರ ಮುಖದಲ್ಲೂ ನಗು. ಬೆನ್ನ ಹಿಂದಿನ ಬಿಳಿ ಬೋರ್ಡಿನಲ್ಲಿ ಮಾತ್ರ ಗ್ರಾಹಕ ಬ್ಯಾಂಕಿನ ಹೆಸರು, ಅದರ ಹೊಸ ಆ್ಯಪ್ ಬಿಡುಗಡೆಯ ತಾರೀಖು, ಎರಡೂ ಸ್ಪಷ್ಟವಾಗಿ ಕಾಣುತ್ತಿವೆ. ಕೊರಳಲ್ಲಿ ನೇತಾಡುವ ಗುರುತಿನ ಚೀಟಿಯ ಮೇಲೆ ನೌಕರ ಸಂಖ್ಯೆಯನ್ನೂ ಓದಬಹುದು.

ಆ ಹುಡುಗಿಗೆ ಕಂಪನಿಯ ಮೇಲೆ ಸಿಟ್ಟೇನೂ ಇರಲಿಲ್ಲ, ಇದ್ದದ್ದು ಅಭಿಮಾನ. ಅದಕ್ಕೇ ಫೋಟೊ ಹಾಕಿದಳು.

ಇಂಥದ್ದೊಂದು ನಡೆದ ಮೇಲೆ ಸಾಮಾನ್ಯವಾಗಿ ಎಲ್ಲರ ಇಮೇಲ್‌ಗೂ ಒಂದು ಸುತ್ತೋಲೆ ಬರುತ್ತದೆ: ‘ಕಂಪನಿಯ ಘನತೆಗೆ ಧಕ್ಕೆ ತರುವ ಪೋಸ್ಟ್‌ಗಳನ್ನು ಹಾಕತಕ್ಕದ್ದಲ್ಲ. ಗೌಪ್ಯ ಮಾಹಿತಿ ಹಂಚತಕ್ಕದ್ದಲ್ಲ. ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು.’ ಈ ಮೂರು ಸಾಲು ಮೊದಲೇ ಬಂದಿದ್ದರೆ ಆಕೆ ಫೋಟೊ ಹಾಕದೆ ಇರುತ್ತಿದ್ದಳೇ? ಇಲ್ಲ. ಘನತೆಗೆ ಧಕ್ಕೆ ತರುತ್ತಿದ್ದೇನೆಂದು ಅವಳಿಗೆ ಅನಿಸಿಯೇ ಇರಲಿಲ್ಲ. ಗೌಪ್ಯ ಮಾಹಿತಿ ಎಂದರೆ ಬೀಗ ಹಾಕಿದ ಕಡತ ಎಂದು ಅವಳ ಲೆಕ್ಕ. ಗೋಡೆಯ ಮೇಲಿನ ಬೋರ್ಡೂ ಅದೇ ಸಾಲಿಗೆ ಸೇರುತ್ತದೆಂದು ಯಾರೂ ಹೇಳಿರಲಿಲ್ಲ.

ಅದೇ ಮಾತನ್ನು ಹೀಗೆ ಬರೆಯಬಹುದಿತ್ತು: ‘ಆಫೀಸಿನ ಒಳಗೆ ತೆಗೆದ ಫೋಟೊ ಹಾಕುವ ಮೊದಲು ಹಿನ್ನೆಲೆ ನೋಡಿ. ಬೋರ್ಡು, ಕಂಪ್ಯೂಟರ್ ಪರದೆ, ಗುರುತಿನ ಚೀಟಿ ಕಾಣಿಸುತ್ತಿದ್ದರೆ ಹಾಕಬೇಡಿ. ಗ್ರಾಹಕರ ಹೆಸರನ್ನು ಅವರೇ ಬಹಿರಂಗಪಡಿಸುವ ತನಕ ನಾವು ಹೇಳುವಂತಿಲ್ಲ. ಸಂದೇಹ ಬಂದರೆ ಇಂಥವರಿಗೆ ಫೋನ್ ಮಾಡಿ.’ ಇದನ್ನು ಓದಿದವಳು ಕೇಕ್ ತಟ್ಟೆಯನ್ನು ಕಿಟಕಿಯ ಪಕ್ಕಕ್ಕೆ ಒಯ್ದು, ಚೀಟಿಯನ್ನು ಜೇಬಿಗೆ ಹಾಕಿಕೊಂಡು ಫೋಟೊ ತೆಗೆಯುತ್ತಾಳೆ. ಖುಷಿಗೂ ಕೊರತೆಯಿಲ್ಲ, ಗುಟ್ಟೂ ಉಳಿಯಿತು.

ಸುತ್ತೋಲೆಯ ಮಾತು ಮೊಗಮ್ಮಾಗಿದ್ದರೆ ಇನ್ನೊಂದು ಕೆಡುಕೂ ಇದೆ. ಅಮೆರಿಕದ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಯ ಪ್ರಧಾನ ವಕೀಲರು 2012ರ ಮೇ ತಿಂಗಳಲ್ಲಿ ಏಳು ಕಂಪನಿಗಳ ಸೋಷಿಯಲ್ ಮೀಡಿಯಾ ನಿಯಮಗಳನ್ನು ಪರಿಶೀಲಿಸಿ ವರದಿ ಕೊಟ್ಟರು. ಆರರಲ್ಲಿ ಒಂದಲ್ಲ ಒಂದು ಭಾಗ ಕಾನೂನಿಗೆ ವಿರುದ್ಧ ಎಂದರು. ಸಂಬಳ, ಕೆಲಸದ ಸ್ಥಿತಿಗತಿಯ ಬಗ್ಗೆ ನೌಕರರು ತಮ್ಮತಮ್ಮಲ್ಲಿ ಮಾತಾಡುವ ಹಕ್ಕನ್ನೂ ಆ ವಿಶಾಲ ಪದಗಳು ನುಂಗಿಬಿಡುತ್ತವೆ ಎಂಬುದು ಕಾರಣ. ಇಡಿಯಾಗಿ ಸರಿ ಎನಿಸಿಕೊಂಡದ್ದು ವಾಲ್‌ಮಾರ್ಟ್‌ನ ತಿದ್ದಿದ ನಿಯಮ ಒಂದೇ. ಅದು ಬೇಡವೆಂದದ್ದಕ್ಕೆ ಉದಾಹರಣೆಗಳನ್ನು ಕೊಟ್ಟಿತ್ತು. ಅಲ್ಲಿಯ ಕಾನೂನು ನಮಗೆ ಅನ್ವಯಿಸದಿರಬಹುದು, ಪಾಠ ಅನ್ವಯಿಸುತ್ತದೆ. ಸಂಬಳ ತಡವಾದರೆ, ಮೇಲಧಿಕಾರಿ ಕಿರುಕುಳ ಕೊಟ್ಟರೆ ದೂರುವುದನ್ನು ಈ ನಿಯಮ ತಡೆಯುವುದಿಲ್ಲ ಎಂಬ ಸಾಲು ಸುತ್ತೋಲೆಯಲ್ಲಿ ಇರಲೇಬೇಕು. ಆ ಸಾಲಿಲ್ಲದಿದ್ದರೆ ಅದು ಬಾಯಿ ಮುಚ್ಚಿಸುವ ಕಾಗದವೆಂದೇ ನೌಕರರು ಓದುತ್ತಾರೆ, ಹಾಗೆ ಓದುವುದು ತಪ್ಪೂ ಅಲ್ಲ.

ಒಂದು ವಿಷಯದಲ್ಲಿ ಮಾತ್ರ ಸಡಿಲಿಕೆ ಸಲ್ಲದು. ಷೇರುಪೇಟೆಯಲ್ಲಿರುವ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ನೀವಿದ್ದೀರಿ ಅನ್ನಿ. ತ್ರೈಮಾಸಿಕ ಫಲಿತಾಂಶ ಪ್ರಕಟವಾಗುವ ಹಿಂದಿನ ರಾತ್ರಿ ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ‘ಈ ಸಲ ನಮ್ಮ ಲಾಭ ಭರ್ಜರಿ’ ಎಂದು ಬರೆಯುತ್ತೀರಿ. ಓದುವವರು ಚಿಕ್ಕಪ್ಪ, ಅತ್ತೆ, ಭಾವನೇ ಇರಬಹುದು. ಆದರೆ ಸೆಬಿಯ 2015ರ ನಿಯಮದ ಪ್ರಕಾರ, ಷೇರು ಬೆಲೆಯನ್ನು ಏರಿಳಿಸಬಲ್ಲ ಅಪ್ರಕಟಿತ ಮಾಹಿತಿಯನ್ನು ಒಳಗಿನವರು ಕಾರಣವಿಲ್ಲದೆ ಹೊರಗೆ ತಿಳಿಸುವುದೇ ತಪ್ಪು. ನೀವು ಒಂದು ಷೇರನ್ನೂ ಕೊಳ್ಳಬೇಕಾಗಿಲ್ಲ. ‘ಇಲ್ಲಿ ಬರೆದದ್ದು ನನ್ನ ಸ್ವಂತ ಅಭಿಪ್ರಾಯ’ ಎಂದು ಪ್ರೊಫೈಲ್‌ನಲ್ಲಿ ಹಾಕಿಕೊಂಡಿದ್ದರೂ ಕಾಪಾಡುವುದಿಲ್ಲ. ಆ ಸಾಲು ಅಭಿಪ್ರಾಯಕ್ಕಷ್ಟೇ ಸರಿ, ಸೋರಿಹೋದ ಮಾಹಿತಿಗೆ ಅಲ್ಲ.

ತಪ್ಪು ಆಗಿಹೋದ ಮೇಲೆ ಏನು ಮಾಡಬೇಕು? ಹೆಚ್ಚಿನ ಸುತ್ತೋಲೆಗಳು ಇದನ್ನೇ ಹೇಳುವುದಿಲ್ಲ. ಪೋಸ್ಟ್ ಅಳಿಸಿದರೂ ಅಷ್ಟರಲ್ಲಿ ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಿರಬಹುದು. ಆದ್ದರಿಂದ ಅಳಿಸಿ, ಆ ಕ್ಷಣವೇ ಮ್ಯಾನೇಜರ್‌ಗೆ ತಿಳಿಸಬೇಕು. ಗ್ರಾಹಕ ಬ್ಯಾಂಕಿಗೆ ವಿಷಯ ಕಂಪನಿಯಿಂದಲೇ ಗೊತ್ತಾಗುವುದಕ್ಕೂ ಬೇರೆಯವರಿಂದ ಗೊತ್ತಾಗುವುದಕ್ಕೂ ಬಹಳ ಅಂತರವಿದೆ. ಆದರೆ ‘ಶಿಸ್ತುಕ್ರಮ’ ಎಂಬ ಪದವೊಂದೇ ಕಣ್ಣೆದುರಿಗಿದ್ದರೆ ನೌಕರರು ಸುಮ್ಮನೆ ಅಳಿಸಿ ಮುಚ್ಚಿಡುತ್ತಾರೆ. ತಾನಾಗಿ ಬಂದು ಹೇಳಿದವರ ಕೈತಪ್ಪನ್ನು ಹೇಗೆ ನೋಡಲಾಗುವುದು ಎಂಬುದನ್ನು ಬರವಣಿಗೆಯಲ್ಲೇ ತಿಳಿಸಬೇಕು.

ಐಬಿಎಂ 2005ರಲ್ಲಿ ಬ್ಲಾಗ್ ಬರೆಯುವ ತನ್ನ ನೌಕರರಿಗೆ ನಿಯಮ ಬೇಕೆಂದಾಗ, ಒಳಗಿನ ವಿಕಿಯಲ್ಲಿ ಆ ನೌಕರರೇ ಸೇರಿ ಅದನ್ನು ಬರೆದರು. ದಿನವೂ ಪೋಸ್ಟ್ ಹಾಕುವವರಿಗೆ ಎಲ್ಲಿ ಕಾಲು ಜಾರುತ್ತದೆಂದು ಗೊತ್ತಿರುತ್ತದೆ.

ನಿಮ್ಮ ಆಫೀಸಿನಿಂದ ಇಂಥ ಸುತ್ತೋಲೆ ಬಂದರೆ ಕೊನೆಯ ತನಕ ಓದಿ. ಒಂದೂ ಉದಾಹರಣೆ ಇಲ್ಲದಿದ್ದರೆ, ಸಂದೇಹ ಬಂದಾಗ ಯಾರನ್ನು ಕೇಳಬೇಕೆಂಬ ಹೆಸರು ಇಲ್ಲದಿದ್ದರೆ, ಅವೆರಡನ್ನೂ ಸೇರಿಸಿ ಕಳಿಸಿ ಎಂದು ಎಚ್‌ಆರ್‌ಗೆ ಉತ್ತರ ಬರೆಯಿರಿ.