ದೆಹಲಿಯಲ್ಲಿ ಡೀಸೆಲ್ ಕಾರುಗಳ ವಯೋಮಿತಿ

ದೆಹಲಿ ರಾಷ್ಟ್ರ ರಾಜಧಾನಿ ವಲಯದಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳ ಸಂಚಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರಲ್ಲಿ ನಿಷೇಧಿಸಿತು. ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಇದನ್ನು ಎತ್ತಿಹಿಡಿಯಿತು. ಪೆಟ್ರೋಲ್ ವಾಹನಗಳಿಗೆ ಈ ಮಿತಿ 15 ವರ್ಷ.

ಈ ಲೆಕ್ಕದಂತೆ, 2019ರಲ್ಲಿ ನೋಂದಣಿಯಾದ ಕಾರನ್ನು 2026ರಲ್ಲಿ ಕೊಂಡರೆ ಡೀಸೆಲ್ ಕಾರಿಗೆ 3 ವರ್ಷ, ಪೆಟ್ರೋಲ್ ಕಾರಿಗೆ 8 ವರ್ಷ ಉಳಿಯುತ್ತದೆ. ಡೀಸೆಲ್ ಕಾರಿಗೆ ತೆತ್ತ ಹೆಚ್ಚಿನ ಬೆಲೆಯು ಆ ಅಲ್ಪಾವಧಿಯ ಇಂಧನ ಉಳಿತಾಯದಿಂದಲೇ ಮರಳಬೇಕು. ಓಡಾಟ ಕಡಿಮೆಯಿದ್ದರೆ ಅದು ಕಷ್ಟ.

2025ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು, ಭಾರತ್ ಸ್ಟೇಜ್-4 ಹಾಗೂ ನಂತರದ ಹೊರಸೂಸುವಿಕೆ ಮಾನದಂಡದ ವಾಹನಗಳ ಮೇಲೆ ಕೇವಲ ವಯಸ್ಸಿನ ಕಾರಣಕ್ಕೆ ಬಲವಂತದ ಕ್ರಮ ಕೈಗೊಳ್ಳದಂತೆ ಸೂಚಿಸಿತು. ಇದು ಮಧ್ಯಂತರ ರಕ್ಷಣೆಯಷ್ಟೆ. ಆದಕಾರಣ ಹಳೆಯ ಡೀಸೆಲ್ ಕಾರನ್ನು ಆಯ್ಕೆ ಮಾಡುವಾಗ ನೋಂದಣಿಯ ದಿನಾಂಕದೊಂದಿಗೆ ಮಾನದಂಡವನ್ನೂ ಪರಿಶೀಲಿಸಬೇಕಾಗುತ್ತದೆ.